ಒಂದೇ ಮೀಟಿಂಗ್‌ ನೋಡಿ ನಾನು 4 ಹಾಕಿದೆ, ಪಕ್ಕದಲ್ಲಿ ಕೂತವರು 2 ಹಾಕಿದ್ರು. ಯಾರ ಅಂಕ ಸರಿ?

ಪೀಣ್ಯ_ಟ್ರೇನಿಂಗ್

ನಮಸ್ಕಾರ ಎಲ್ಲರಿಗೂ. ಪೀಣ್ಯದಲ್ಲಿ ಸಿಎನ್‌ಸಿ ಮಷೀನಿಂಗ್ ಮಾಡೋ ಒಂದು ಫ್ಯಾಕ್ಟರಿಯ ಎಚ್‌ಆರ್‌ನಲ್ಲಿ ಇದ್ದೀನಿ. ಮ್ಯಾನೇಜರ್‌ಗಳು ಟೀಮ್ ಮೀಟಿಂಗ್ ಹೇಗೆ ನಡೆಸ್ತಾರೆ ಅಂತ ಹಿಂದೆ ಕೂತು ನೋಡಿ ಅಂಕ ಹಾಕೋ ಕೆಲಸ ಈಗ ನಮ್ಮ ತಲೆಗೆ ಬಂದಿದೆ. ಕೊಟ್ಟಿರೋ ಶೀಟ್‌ನಲ್ಲಿ ನಾಲ್ಕೇ ಸಾಲು: ಅಜೆಂಡಾ, ಭಾಗವಹಿಸುವಿಕೆ, ತೀರ್ಮಾನ, ಫಾಲೋ-ಅಪ್. ಒಂದೊಂದಕ್ಕೂ 1ರಿಂದ 5. 1ರ ಪಕ್ಕ 'ಕಳಪೆ', 5ರ ಪಕ್ಕ 'ಅತ್ಯುತ್ತಮ' ಅಂತಿದೆ, ಮಧ್ಯದಲ್ಲಿ ಏನೂ ಬರೆದಿಲ್ಲ.

ಬುಧವಾರದ ಪ್ರೊಡಕ್ಷನ್ ರಿವ್ಯೂ ನೋಡೋಕೆ ನಾನು, ಕ್ವಾಲಿಟಿ ವಿಭಾಗದ ಒಬ್ಬರು ಇಬ್ಬರೂ ಹೋಗಿದ್ವಿ. ಮ್ಯಾನೇಜರ್ ಸೇರಿ 9 ಜನ, 50 ನಿಮಿಷ. ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಜೆಂಡಾ ಹಾಕಿದ್ರು: ರಿಜೆಕ್ಷನ್, ಡಿಸ್ಪ್ಯಾಚ್, ಮ್ಯಾನ್‌ಪವರ್, 5ಎಸ್ ಅಂದ್ರೆ ಶಾಪ್ ಫ್ಲೋರ್ ಅಚ್ಚುಕಟ್ಟು. ರಿಜೆಕ್ಷನ್‌ಗೆ 28 ನಿಮಿಷ ಹೋಯ್ತು, ಡಿಸ್ಪ್ಯಾಚ್‌ಗೆ 12, ಮ್ಯಾನ್‌ಪವರ್‌ಗೆ 8, 5ಎಸ್‌ಗೆ ಉಳಿದ 2. ಜಗಳ ಇಲ್ಲ, ಕೂಗಾಟ ಇಲ್ಲ, ಮ್ಯಾನೇಜರ್ ನಗ್ತಾ ಎಲ್ಲರನ್ನೂ ಹೆಸರು ಹಿಡಿದು ಕೇಳ್ತಿದ್ರು.

ನನ್ನ ಅಂಕ 4, 4, 4, 3. ಅವರದ್ದು 3, 2, 4, 1. ಶುಕ್ರವಾರದೊಳಗೆ ಇಬ್ಬರೂ ಸೇರಿ ಒಂದೇ ಶೀಟ್ ಕೊಡಬೇಕು. ಭಾಗವಹಿಸುವಿಕೆ ಸಾಲಿನಲ್ಲೇ ದೊಡ್ಡ ವಾದ ಆಗ್ತಿದೆ. ಸರಾಸರಿ ತೆಗೆದು 3 ಅಂತ ಹಾಕಿಬಿಡೋದಾ?

ಸ್ಪ್ರಿಂಟ್_ಸೀನ

ಮೇಡಂ, ಸ್ಟಾಪ್‌ವಾಚ್ ಹಿಡಿದ್ರೆ ಮುಗೀತು. ಮ್ಯಾನೇಜರ್ ಎಷ್ಟು ನಿಮಿಷ ಮಾತಾಡಿದ್ರು? ಅರ್ಧಕ್ಕಿಂತ ಜಾಸ್ತಿ ಅವರದ್ದೇ ಆಗಿದ್ರೆ 2ಕ್ಕಿಂತ ಮೇಲೆ ಕೊಡಬಾರದು. 9 ಜನ ಇದ್ರೆ ಎಲ್ಲರಿಗೂ ಹೆಚ್ಚುಕಮ್ಮಿ ಸಮಪಾಲು ಬರಬೇಕು. ನಮ್ಮ ಐಟಿ ಟೀಮ್‌ನಲ್ಲಿ ನಾನು ಹೀಗೇ ನೋಡೋದು.

ನಿವೃತ್ತ_ಶಾಖಾಧಿಕಾರಿ

ನಮ್ಮ ಬ್ಯಾಂಕಿನಲ್ಲೂ ಇದೇ ಕಥೆಯಾಗಿತ್ತು. ವರ್ಷವಿಡೀ ದುಡಿದವನಿಗೆ 3, ಮ್ಯಾನೇಜರ್ ಹಿಂದೆಮುಂದೆ ಓಡಾಡಿದವನಿಗೆ 5. ಅಪ್ರೈಸಲ್ ವಿರುದ್ಧ ಮೇಲ್ಮನವಿ ಕೊಡೋಕೆ ಅವಕಾಶ ಇದ್ದೇ ಇರುತ್ತೆ, ಲಿಖಿತವಾಗಿ ಕೊಡಿ.

ಪೀಣ್ಯ_ಟ್ರೇನಿಂಗ್

ಸರ್, ಇದು ನನ್ನ ಅಪ್ರೈಸಲ್ ಅಲ್ಲ. ಇನ್ನೊಬ್ಬರು ಮೀಟಿಂಗ್ ನಡೆಸೋದನ್ನ ನೋಡಿ ನಾನು ಅಂಕ ಹಾಕ್ಬೇಕಾಗಿರೋದು.

ಸೀನ ಅವರೇ, ಸಹೋದ್ಯೋಗಿ ಹತ್ರ ಲೆಕ್ಕ ಇತ್ತು. ಮ್ಯಾನೇಜರ್ ಸುಮಾರು 30 ನಿಮಿಷ ಮಾತಾಡಿದ್ದಾರೆ. ಅದಕ್ಕೇ ಅವರು 2 ಕೊಟ್ಟಿದ್ದು. ಆದರೆ 9 ಜನರಲ್ಲಿ 8 ಜನ ಒಂದಲ್ಲ ಒಂದು ಸಲ ಬಾಯಿ ಬಿಟ್ಟಿದ್ದಾರೆ, ಅದಕ್ಕೇ ನಾನು 4 ಕೊಟ್ಟಿದ್ದು.

ಹಳೇ_ಆಡಿಟರ್

ಸರಾಸರಿ ತೆಗೀಬೇಡಿ. ನೀವಿಬ್ಬರೂ ಬೇರೆ ಬೇರೆ ವಸ್ತು ಅಳೆದಿದ್ದೀರಿ. ಒಬ್ಬರು ಎಷ್ಟು ಬಾಯಿ ತೆರೆದವು ಅಂತ ಎಣಿಸಿದ್ದೀರಿ, ಇನ್ನೊಬ್ಬರು ಎಷ್ಟು ಹೊತ್ತು ಅಂತ ಎಣಿಸಿದ್ದಾರೆ. 4 ಮತ್ತು 2ರ ಮಧ್ಯೆ ಸಿಗೋ 3 ಅನ್ನೋದು ಈ ಎರಡರಲ್ಲಿ ಯಾವುದನ್ನೂ ಹೇಳಲ್ಲ.

ಸೀನ ಹೇಳಿದ ಸಮಪಾಲಿನ ಲೆಕ್ಕವೂ ಪೂರ್ತಿ ನಿಲ್ಲೋದಿಲ್ಲ. ಡಿಸ್ಪ್ಯಾಚ್ ಸ್ಥಿತಿ ಹೇಳೋವಾಗ ಡಿಸ್ಪ್ಯಾಚ್‌ನವನೊಬ್ಬನೇ ಮಾತಾಡಿದ್ರೆ ತಪ್ಪೇನಿಲ್ಲ, ಉಳಿದವರು ಸುಮ್ಮನೆ ಕೇಳಿಸ್ಕೊಂಡ್ರೆ ಸಾಕು. ರಿಜೆಕ್ಷನ್‌ಗೆ ಕಾರಣ ಹುಡುಕೋವಾಗ ಅದೇ ರೀತಿ ಒಬ್ಬನೇ ಮಾತಾಡಿದ್ರೆ ಆಗ ತೊಂದರೆ. ಆದ್ದರಿಂದ ಅಂಕ ಇಡೀ ಮೀಟಿಂಗ್‌ಗೆ ಒಂದು ಅಂತ ಯೋಚಿಸಬೇಡಿ, ನಾಲ್ಕು ಜನರ ತಲೆ ಬೇಕಾದ ವಿಷಯ ಯಾವುದಿತ್ತೋ ಆ ಹೊತ್ತಿನಲ್ಲಿ ಏನಾಯ್ತು ಅಂತ ನೋಡಿ.

ನಾನು ಮಾಡ್ತಿದ್ದದ್ದು ಹೀಗೆ. ಒಂದು ಹಾಳೆಯಲ್ಲಿ ಮೇಜು ಬರೆದು ಯಾರು ಎಲ್ಲಿ ಕೂತಿದ್ದಾರೆ ಅಂತ ಗುರುತು ಹಾಕ್ತೀನಿ. ಒಬ್ಬ ಮಾತಾಡಿದಾಗ ಅವನಿಂದ ಯಾರ ಕಡೆಗೆ ಮಾತು ಹೋಯ್ತೋ ಅಲ್ಲಿಗೆ ಒಂದು ಬಾಣ. ಕೊನೆಗೆ ಎಲ್ಲ ಬಾಣವೂ ಮ್ಯಾನೇಜರ್‌ಗೆ ಹೋಗಿ ಮ್ಯಾನೇಜರ್‌ನಿಂದಲೇ ವಾಪಸ್ ಬಂದಿದ್ರೆ ಅಲ್ಲಿ ನಡೆದಿದ್ದು ವರದಿ ಒಪ್ಪಿಸೋ ಕೆಲಸ, ಎಂಟು ಜನ ಮಾತಾಡಿದ್ರೂ ಅಷ್ಟೇ. ಮಷೀನ್ ಶಾಪ್‌ನವನು ನೇರ ಕ್ವಾಲಿಟಿಯವನನ್ನ ಕೇಳಿದ, ಅವನು ಅಲ್ಲೇ ಉತ್ತರ ಕೊಟ್ಟ ಅಂತ ಅಡ್ಡ ಬಾಣಗಳು ಇದ್ರೆ ಅಂಕ ಮೇಲೆ ಹೋಗುತ್ತೆ. ಯಾರಾದ್ರೂ 'ಹಾಗಲ್ಲ ಸರ್' ಅಂದು, ಅದನ್ನ ಕೇಳಿ ಮ್ಯಾನೇಜರ್ ತಮ್ಮ ಮಾತನ್ನ ಬದಲಾಯಿಸಿದ್ರೆ ಅದಕ್ಕೇ ನಾನು 5 ಇಟ್ಟಿರೋದು. 3 ಅಂದ್ರೆ ಕೇಳಿದಾಗ ಮಾತ್ರ ಹೇಳ್ತಾರೆ. 1 ಅಂದ್ರೆ ಕೇಳೋದೂ ಇಲ್ಲ.

ಮಧ್ಯದ ಅಂಕಗಳ ಪಕ್ಕದಲ್ಲಿ ಹೀಗೆ ಕಣ್ಣಿಗೆ ಕಾಣೋ ನಡವಳಿಕೆ ಬರೆದಿಡೋ ಪದ್ಧತಿ 1963ರಿಂದಲೇ ಇದೆ, ಮೊದಲು ನರ್ಸ್‌ಗಳ ಕೆಲಸ ಅಳೆಯೋಕೆ ಮಾಡಿದ್ದು. ನಿಮ್ಮ ಶೀಟ್‌ನಲ್ಲಿ ಖಾಲಿ ಇರೋದು ಅದೇ ಜಾಗ.

ಇನ್ನೊಂದು. ನೀವು ಜಗಳ ಆಡ್ತಿರೋ ಸಾಲು ಎರಡನೇದು. ನನಗೆ ಅನುಮಾನ ಬಂದಿರೋದು ಇಬ್ಬರೂ ಒಪ್ಪಿರೋ ಮೂರನೇ ಸಾಲಿನ ಮೇಲೆ. ತೀರ್ಮಾನಕ್ಕೆ ಇಬ್ಬರೂ 4 ಕೊಟ್ರಲ್ಲ, ಏನು ತೀರ್ಮಾನ ಆಯ್ತು ಅಂತ ಮ್ಯಾನೇಜರ್ ಬಾಯಲ್ಲಿ ಬಂದ ಹಾಗೇ ಬರೆಯಿರಿ ನೋಡೋಣ.

ಪೀಣ್ಯ_ಟ್ರೇನಿಂಗ್

ಒಂದು ಪಾರ್ಟ್‌ನಲ್ಲಿ ಬೋರ್ ಅಳತೆ ಕಡಿಮೆ ಬಂದು ರಿಜೆಕ್ಟ್ ಆಗ್ತಿತ್ತು. ರಂಧ್ರ ಕೊರೆಯೋ ಟೂಲ್ ತುದಿ, ಅಂದ್ರೆ ಬೋರಿಂಗ್ ಇನ್ಸರ್ಟ್, ಸವೆದಾಗ ಹೀಗೆ ಆಗುತ್ತೆ ಅಂತ ಚರ್ಚೆ ಆಯ್ತು. ಈಗ 200 ಪೀಸ್‌ಗೆ ಒಮ್ಮೆ ಇನ್ಸರ್ಟ್ ಬದಲಾಯಿಸ್ತಾರೆ. 'ಸರಿ, ಇನ್ಸರ್ಟ್ ಸ್ವಲ್ಪ ಬೇಗ ಬದಲಾಯಿಸೋಣ, 150ಕ್ಕೋ ಎಷ್ಟಕ್ಕೋ, ಕ್ವಾಲಿಟಿಯವರೂ ಒಂದು ಕಣ್ಣಿಟ್ಟಿರಿ, ಆಯ್ತಾ' ಅಂದ್ರು. ಎಲ್ಲರೂ ತಲೆ ಆಡಿಸಿದ್ರು.

ಹಳೇ_ಆಡಿಟರ್

ಈ ಮಾತಿಗೆ 4 ಕೊಡಬಹುದಾ ಅಂತ ನಾನು ಹೇಳೋದಿಲ್ಲ, ನೀವೇ ಪರೀಕ್ಷೆ ಮಾಡಿ. ಆ ಮೀಟಿಂಗ್‌ನಲ್ಲಿದ್ದ ಮೂರು ಜನರನ್ನ ಬೇರೆಬೇರೆಯಾಗಿ ಹಿಡಿದು ಒಂದೇ ಪ್ರಶ್ನೆ ಕೇಳಿ: 'ಇನ್ಸರ್ಟ್ ವಿಷಯದಲ್ಲಿ ಏನಂತ ಆಯ್ತು?' ಮಿನಿಟ್ಸ್ ಅವರ ಕೈಗೆ ಬರೋ ಮೊದಲೇ ಕೇಳಬೇಕು, ಬಂದಮೇಲೆ ಓದಿ ಒಪ್ಪಿಸ್ತಾರೆ.

ಎಂಆರ್_ಮಂಜಣ್ಣ

ಇಷ್ಟೊಂದು ತಲೆಬಿಸಿ ಯಾಕೆ? ನಾನು ಐಎಸ್‌ಒ ನೋಡ್ಕೊಳ್ಳೋನು. ಐಎಸ್‌ಒ 9001ರ 9.3ರಲ್ಲೇ ಇದೆ, ರಿವ್ಯೂ ನಡೆದಿದ್ದಕ್ಕೆ ದಾಖಲೆ ಇರಬೇಕು, ಹಿಂದಿನ ರಿವ್ಯೂನ ಕೆಲಸಗಳ ಸ್ಥಿತಿ ನೋಡಬೇಕು ಅಂತ. ಮಿನಿಟ್ಸ್ ಇದ್ಯಾ? ಸಹಿ ಇದ್ಯಾ? ಇದ್ರೆ ತೀರ್ಮಾನಕ್ಕೂ ಫಾಲೋ-ಅಪ್‌ಗೂ ಪೂರ್ತಿ ಅಂಕ. ಆಡಿಟ್‌ನಲ್ಲಿ ಬೇರೇನೂ ಕೇಳಲ್ಲ.

ಹಳೇ_ಆಡಿಟರ್

ಮಂಜಣ್ಣ, ನೀವು ಹೇಳಿದ ಕಲಂ ಸರಿ. ಆದರೆ ಅದು ಮೇಲಿನ ಆಡಳಿತ ಮಂಡಳಿ ನಡೆಸೋ ಮ್ಯಾನೇಜ್‌ಮೆಂಟ್ ರಿವ್ಯೂ ಬಗ್ಗೆ. ಬುಧವಾರದ ಪ್ರೊಡಕ್ಷನ್ ಮೀಟಿಂಗ್‌ಗೆ ಅದನ್ನ ಅನ್ವಯಿಸಿ ಅಂತ ಎಲ್ಲೂ ಹೇಳಿಲ್ಲ. 'ಹಿಂದಿನದ್ದರ ಸ್ಥಿತಿ ನೋಡಿ' ಅನ್ನೋದನ್ನ ಮಾತ್ರ ಎರವಲು ತಗೊಳ್ಳಬಹುದು, ಒಳ್ಳೇ ಅಭ್ಯಾಸ. ಇನ್ನು ಸಹಿ ವಿಷಯ: ಓದದೆ ಹಾಕಿದ ಸಹಿ ಎಷ್ಟು ನೋಡಿದ್ದೀನಿ ಅಂತ ನಿಮಗೂ ಗೊತ್ತು, ಬಿಡಿ.

ಗೋಕುಲ್‌ರೋಡ್_ಶಿಫ್ಟ್

ನಾ ಹುಬ್ಬಳ್ಳಿಯಾಂವ, ಶಿಫ್ಟ್ ಇನ್‌ಚಾರ್ಜ್ ಅದೀನಿ. ನನ್ನ ಮೀಟಿಂಗಿಗೂ ಹಿಂಗs ಒಬ್ರು ಹಾಳಿ ಹಿಡ್ಕೊಂಡು ಬಂದು ಕುಂತಿದ್ರು. ಅವತ್ತು ನಮ್ಮ ಹುಡುಗ್ರು ಯಾರೂ ಬಾಯಿ ಬಿಡಲಿಲ್ರಿ. ಎಚ್‌ಆರ್‌ನವರು ಕುಂತಾರ, ಮಷೀನ್ ಯಾಕ ನಿಂತಿತ್ತು ಅಂತ ನಾ ಹೇಳಿದ್ರ ನಾಳೆ ನನ್ನ ಹೆಸರು ಬರ್ತೈತಿ ಅಂತ ಅವರಿಗೆ ಅಂಜಿಕಿ. ನನಗ ಬಿದ್ದದ್ದು 2. ಉಳಿದ ದಿನ ಬಂದು ನೋಡ್ರಿ, ಗದ್ದಲ ತಡೀಲಿಕ್ಕೆ ಆಗಂಗಿಲ್ಲ.

ಇನ್ನೊಂದು ಮಾತು ಯಾರೂ ಹೇಳವಲ್ರು. ಮೀಟಿಂಗ್ ಯಾವ ಭಾಷಾದಾಗ ನಡೀತು? ನಮ್ಮಲ್ಲಿ ಪ್ಲಾಂಟ್ ಹೆಡ್ ಬಂದ್ರ ಇಂಗ್ಲಿಷ್, ಅವರು ಹೋದ ಮ್ಯಾಲೆ ಕನ್ನಡ, ನಡುವ ಹಿಂದಿ. ಸೆಟ್ಟರ್‌ಗೆ ಟೂಲ್ ಸವೆದದ್ದು ಸಪ್ಪಳದಾಗs ಗೊತ್ತಾಗ್ತೈತಿ, ಆದ್ರ ಅದನ್ನ ಇಂಗ್ಲಿಷಿನ್ಯಾಗ ಹೇಳಂದ್ರ ಅವ ಸುಮ್ಮ ಕುಂದರ್ತಾನ. ಅದು ಮ್ಯಾನೇಜರ್ ತಪ್ಪೋ, ಸೆಟ್ಟರ್ ತಪ್ಪೋ, ನಿಮ್ಮ ಶೀಟಿನ್ಯಾಗ ಬರೀಲಿಕ್ಕೆ ಜಾಗಾನs ಇಲ್ಲ.

ಪೀಣ್ಯ_ಟ್ರೇನಿಂಗ್

ಅಣ್ಣಾ, ಇದು ತಟ್ಟಿತು. ನಮ್ಮಲ್ಲಿ ಬಾಯಿ ಬಿಡದ ಒಬ್ಬರು ಸೆಟ್ಟರೇ. ರಿಜೆಕ್ಷನ್ ಚರ್ಚೆ ಮುಕ್ಕಾಲು ಪಾಲು ಇಂಗ್ಲಿಷ್‌ನಲ್ಲೇ ನಡೆದಿತ್ತು, ಗ್ರಾಹಕರ ಕಂಪ್ಲೇಂಟ್ ಮೇಲ್ ಪರದೆ ಮೇಲೆ ಇತ್ತು ಅನ್ನೋ ಕಾರಣಕ್ಕೆ.

ಹಳೇ_ಆಡಿಟರ್

ಶಿಫ್ಟ್ ಇನ್‌ಚಾರ್ಜ್ ಹೇಳಿದ್ದು ನಿಜ. ಹಾಳೆ ಹಿಡಿದವರು ಕೂತ ದಿನ ಮೀಟಿಂಗ್ ಬೇರೆ ಥರ ನಡೆಯುತ್ತೆ. ಪೂರ್ತಿ ತಪ್ಪಿಸೋಕಾಗಲ್ಲ, ತಗ್ಗಿಸಬಹುದು. ಮೊದಲ ಸಲ ಹೋಗಿ ಬರೀ ಕೂತು ಬನ್ನಿ, ಅವತ್ತಿನ ಅಂಕ ಕೊಡಬೇಡಿ. ಮ್ಯಾನೇಜರ್ ಕಣ್ಣಿಗೆ ನೇರ ಬೀಳೋ ಜಾಗ ಬೇಡ. ನಾನು ನೋಡ್ತಿರೋದು ಮೀಟಿಂಗ್ ನಡೆಸೋದನ್ನ, ಮಷೀನ್ ನಿಂತಿದ್ದಕ್ಕೂ ನನಗೂ ಸಂಬಂಧ ಇಲ್ಲ ಅಂತ ಶುರುವಲ್ಲೇ ಎಲ್ಲರ ಮುಂದೆ ಹೇಳಿ.

ಕೋಣೆಯೊಳಗೆ ಅಂಕ ಬರೆಯಲೇಬೇಡಿ. ಎಡಕ್ಕೆ ಗಡಿಯಾರದ ಹೊತ್ತು, ನಡುವೆ ಕಿವಿಗೆ ಬಿದ್ದ ಮಾತು, ಬಲಕ್ಕೆ ಖಾಲಿ ಬಿಡಿ. 'ಚೆನ್ನಾಗಿ ಹುರಿದುಂಬಿಸಿದರು' ಅಂತ ಬರೆದ್ರೆ ಅದು ನಿಮ್ಮ ಅಭಿಪ್ರಾಯ. '10:14, ಸೆಟ್ಟರ್ ಕಡೆ ತಿರುಗಿ ನಿನಗೇನನ್ನಿಸುತ್ತೆ ಅಂದರು, ಉತ್ತರ ಬರೋ ಮೊದಲೇ ತಾವೇ ಮುಂದುವರಿಸಿದರು' ಅಂತ ಬರೆದ್ರೆ ಅದು ಸಾಕ್ಷಿ. ಹೊರಗೆ ಬಂದಮೇಲೆ ಬಲಗಡೆ ಯಾವ ಸಾಲಿಗೆ ಸೇರುತ್ತೆ ಅಂತ ಗುರುತು ಹಾಕಿ, ಆಮೇಲೆ ಅಂಕ. ಇಬ್ಬರು ನೋಡಿದ್ರೆ ಅಂಕ ಹಾಕೋವರೆಗೂ ಒಬ್ಬರಿಗೊಬ್ಬರು ಮಾತಾಡಬಾರದು.

4, 4, 4, 3 ನೋಡಿದಾಗ್ಲೇ ಒಂದು ಹೇಳಬೇಕು ಅಂದುಕೊಂಡೆ. ನಗುಮುಖದ ಮ್ಯಾನೇಜರ್, ಜಗಳ ಇಲ್ಲದ ಮೀಟಿಂಗ್, ಎಲ್ಲ ಸಾಲಿಗೂ ಹತ್ತಿರ ಹತ್ತಿರ ಒಂದೇ ಅಂಕ. ಥಾರ್ನ್‌ಡೈಕ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ 1920ರಲ್ಲೇ ಸೈನ್ಯದ ಅಧಿಕಾರಿಗಳಿಗೆ ಮೇಲಿನವರು ಕೊಟ್ಟ ಅಂಕಗಳಲ್ಲಿ ಇದನ್ನ ತೋರಿಸಿದ್ರು. ಒಂದು ಗುಣ ಇಷ್ಟ ಆಯ್ತು ಅಂದ್ರೆ ಉಳಿದ ಗುಣಗಳ ಅಂಕವೂ ಜೊತೆಗೇ ಏರುತ್ತೆ. ಅದಕ್ಕೆ ಒಬ್ಬೊಬ್ಬರ ಶೀಟನ್ನ ಮೇಲಿಂದ ಕೆಳಗೆ ತುಂಬೋ ಬದಲು ಐದು ಮ್ಯಾನೇಜರ್‌ಗಳ 'ಅಜೆಂಡಾ' ಸಾಲನ್ನ ಒಟ್ಟಿಗೆ ತುಂಬಿ, ಆಮೇಲೆ ಐದು ಜನರ 'ತೀರ್ಮಾನ'.

ಸ್ಪ್ರಿಂಟ್_ಸೀನ

ಸರ್, ಅಜೆಂಡಾ ಸಾಲಿಗೆ ನೀವು ಎಷ್ಟು ಕೊಡ್ತಿದ್ರಿ? ವಾಟ್ಸ್ಆ್ಯಪ್‌ನಲ್ಲಿ ಮುಂಚೆ ಹಾಕಿದ್ದಾರೆ, ನಾಲ್ಕೂ ವಿಷಯ ಮುಗಿಸಿದ್ದಾರೆ. ನನ್ನ ಪ್ರಕಾರ 4 ಬರಬೇಕು.

ಹಳೇ_ಆಡಿಟರ್

'ರಿಜೆಕ್ಷನ್' ಅಂತ ಒಂದೇ ಪದ ಹಾಕಿದ್ರೆ ಜನ ಏನು ತಯಾರಿ ಮಾಡ್ಕೊಂಡು ಬರಬೇಕು? ಎಷ್ಟು ಪೀಸ್ ಅಂತ ಹೇಳೋದಾ, ಕಾರಣ ಹುಡುಕೋದಾ, ಇನ್ಸರ್ಟ್‌ಗೆ ಜಾಸ್ತಿ ಖರ್ಚು ಒಪ್ಪೋದಾ? 'ಇನ್ಸರ್ಟ್ 200ಕ್ಕೆ ಬದಲು ಎಷ್ಟಕ್ಕೆ ಬದಲಾಯಿಸಬೇಕು' ಅಂತ ಬರೆದಿದ್ರೆ ಟೂಲ್ ಕ್ರಿಬ್‌ನವನು ಸ್ಟಾಕ್ ಲೆಕ್ಕ ಹಿಡ್ಕೊಂಡು ಬರ್ತಿದ್ದ. ಸಮಯವನ್ನೂ ಹಂಚಿರಲಿಲ್ಲ. 5ಎಸ್‌ಗೆ 2 ನಿಮಿಷ ಸಿಕ್ಕಿದ್ದು ಯಾರೋ ಯೋಚಿಸಿ ಕೊಟ್ಟಿದ್ದಲ್ಲ, ಉಳಿದಿದ್ದಷ್ಟೇ. 3 ಸಾಕು. ರಿಜೆಕ್ಷನ್‌ಗೆ 28 ನಿಮಿಷ ಹೋಗಿದ್ದಕ್ಕೆ ಮಾತ್ರ ನಾನು ಅಂಕ ಕಳೆಯಲ್ಲ, ಅವತ್ತಿನ ಮುಖ್ಯ ಕೆಲಸ ಅದೇ ಇತ್ತು.

ಪೀಣ್ಯ_ಟ್ರೇನಿಂಗ್

ಮೂರು ಜನರನ್ನ ಕೇಳಿದೆ. ಮಿನಿಟ್ಸ್ ಇನ್ನೂ ಬಂದಿರಲಿಲ್ಲ.

ಮಷೀನ್ ಶಾಪ್ ಸೂಪರ್‌ವೈಸರ್: '150 ಪೀಸ್‌ಗೆ ಬದಲಾಯಿಸಬೇಕು, ನಿನ್ನೆ ರಾತ್ರಿ ಶಿಫ್ಟ್‌ನಿಂದಲೇ ಶುರು ಮಾಡಿದ್ದೀವಿ.' ಟೂಲ್ ಕ್ರಿಬ್‌ನವರು: 'ಹೊಸ ಲಾಟ್ ಇನ್ಸರ್ಟ್ ಬರಲಿ, ಆಮೇಲೆ ಬೇಗ ಬದಲಾಯಿಸೋಣ ಅಂತ ಅಲ್ವಾ?' ಲೈನ್ ಇನ್‌ಸ್ಪೆಕ್ಟರ್: 'ಬದಲಾಯಿಸೋದು ಏನೂ ಇಲ್ಲ, 50 ಪೀಸ್‌ಗೆ ಒಮ್ಮೆ ನಾನು ಬೋರ್ ಗೇಜ್ ಹಾಕಿ ನೋಡ್ಬೇಕು ಅಷ್ಟೇ.'

ಮೂವರೂ ತಲೆ ಆಡಿಸಿದವರೇ. ಇನ್ನೂ ಮಜಾ ಅಂದ್ರೆ, ಆ ಸೆಟ್ಟರ್ ಹತ್ರ ಕನ್ನಡದಲ್ಲಿ ಮಾತಾಡಿದೆ. ಇನ್ಸರ್ಟ್ ಬಾಳಿಕೆ ಎರಡು ಮಷೀನ್‌ನಲ್ಲಿ ಒಂದೇ ಥರ ಇಲ್ಲ, ಒಂದರಲ್ಲಿ ಕೂಲೆಂಟ್ ಸರಿಯಾಗಿ ಬೀಳ್ತಿಲ್ಲ, ಅದರಲ್ಲೇ ಬೇಗ ಸವೆಯೋದು ಅಂದ್ರು. 28 ನಿಮಿಷದಲ್ಲಿ ಈ ಮಾತು ಮೇಜಿನ ಮೇಲೆ ಬಂದೇ ಇರಲಿಲ್ಲ. ನಿಜವೋ ಅಲ್ಲವೋ ಮೇಂಟೆನೆನ್ಸ್‌ನವರು ನೋಡ್ತಾರೆ.

ತೀರ್ಮಾನಕ್ಕೆ ಇಬ್ಬರೂ ಸೇರಿ 2 ಮಾಡಿದ್ದೀವಿ. ಭಾಗವಹಿಸುವಿಕೆಗೆ ಬಾಣದ ಚಿತ್ರ ನೆನಪಿನಿಂದ ಬರೆದು ನೋಡಿದ್ವಿ, ಅಡ್ಡ ಬಾಣ ಎರಡೇ ನೆನಪಿಗೆ ಬಂದವು. ನಾನು ಈಗ 3 ಅಂತೀನಿ, ಸಹೋದ್ಯೋಗಿ 2 ಬಿಟ್ಟು ಕದಲ್ತಿಲ್ಲ.

ಹಳೇ_ಆಡಿಟರ್

ಒಂದು ಅಂಕದ ಅಂತರ ಇದ್ರೆ ಹಾಗೇ ಬಿಡಿ, ಎರಡೂ ಅಂಕ ಬರೆದು ಇಬ್ಬರ ಸಾಕ್ಷಿಯನ್ನೂ ಜೊತೆಗೆ ಇಡಿ. ಎರಡು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಕೂತು ಬಗೆಹರಿಸಬೇಕು.

ತೀರ್ಮಾನದಲ್ಲಿ ಯಾರು, ಏನು, ಯಾವಾಗ ಅನ್ನೋ ಮೂರೂ ಇರಲಿಲ್ಲ. 'ಬದಲಾಯಿಸೋಣ', 'ನೋಡೋಣ', 'ಒಂದು ಕಣ್ಣಿಟ್ಟಿರಿ'. ಈ 'ಓಣ' ಕಿವಿಗೆ ಬಿದ್ದ ಕೂಡಲೇ ನಾನು ಹಾಳೆಯಲ್ಲಿ ಗೆರೆ ಎಳೀತೀನಿ, ಮುಂದಿನ ಅರ್ಧ ನಿಮಿಷದಲ್ಲಿ ಯಾರದ್ದಾದ್ರೂ ಹೆಸರು ಬರುತ್ತಾ ಅಂತ ಕಾಯ್ತೀನಿ. ಬರದಿದ್ರೆ ತೀರ್ಮಾನ ಆಗಿಲ್ಲ.

ಎಂಆರ್_ಮಂಜಣ್ಣ

ಸರಿ, ಇದನ್ನ ಒಪ್ಪಿದೆ. ಆದರೆ ಫಾಲೋ-ಅಪ್‌ಗೆ ಸಹೋದ್ಯೋಗಿ 1 ಕೊಟ್ಟಿದ್ದು ಅನ್ಯಾಯ. ಮೀಟಿಂಗ್ ಮುಗಿದ ದಿನವೇ ಫಾಲೋ-ಅಪ್ ಎಲ್ಲಿಂದ ಕಾಣುತ್ತೆ?

ಹಳೇ_ಆಡಿಟರ್

ಅನ್ಯಾಯ ಹೌದು, ಮೇಡಂ ಕೊಟ್ಟ 3 ಕೂಡ ಗಾಳಿಯಲ್ಲಿ ಹೊಡೆದ ಗುಂಡೇ. ಒಂದು ಮೀಟಿಂಗ್‌ನಲ್ಲಿ ಕೂತವರಿಗೆ ಫಾಲೋ-ಅಪ್‌ನ ಎರಡು ತುದಿ ಮಾತ್ರ ಕಾಣುತ್ತೆ. ಶುರುವಿನಲ್ಲಿ ಹಳೇ ಪಟ್ಟಿ ತೆಗೆದ್ರಾ, ಕೊನೆಯಲ್ಲಿ ಹೊಸ ಪಟ್ಟಿ ಎಲ್ಲರಿಗೂ ಕೇಳೋ ಹಾಗೆ ಓದಿದ್ರಾ. ನಡುವಿನದ್ದು, ಅಂದ್ರೆ ಕೆಲಸ ಆಯ್ತಾ ಇಲ್ವಾ, ಅದು ತಾರೀಖು ಬಂದಮೇಲೆ ನೋಡೋ ವಿಷಯ. ಎರಡು ತುದಿಗೆ ಅಂಕ ಕೊಟ್ಟು ನಡುವಿನದ್ದಕ್ಕೆ 'ನೋಡಿಲ್ಲ' ಅಂತ ಬರೆಯಿರಿ.

ಆ್ಯಕ್ಷನ್ ಲಿಸ್ಟ್ ಎಕ್ಸೆಲ್‌ನಲ್ಲಿ ಇಡ್ತಾರಲ್ಲ, ಅದನ್ನ ತೆರೆದಾಗ ಮುಗಿದಿದ್ದು ಎಷ್ಟು ಅಂತ ಮೊದಲು ನೋಡಬೇಡಿ. ತಾರೀಖಿನ ಕಾಲಮ್ ನೋಡಿ. ತಡ ಆದ ಕೂಡಲೇ ಹಳೇ ತಾರೀಖು ಅಳಿಸಿ ಅದೇ ಚೌಕದಲ್ಲಿ ಹೊಸದು ಹಾಕಿದ್ರೆ ಪಟ್ಟಿ ಯಾವಾಗಲೂ ಹಸಿರಾಗೇ ಕಾಣುತ್ತೆ, ಯಾವುದೂ ತಡ ಆಗಿಲ್ಲ! ಹಿಂದಿನ ವಾರಗಳ ಮೇಲ್‌ನಲ್ಲಿ ಕಳಿಸಿದ ಪ್ರತಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಸಾಲು ಎಷ್ಟು ಸಲ ಮುಂದೆ ಜರುಗಿದೆ ಅಂತ ಆಗ ಗೊತ್ತಾಗುತ್ತೆ.

ಪೀಣ್ಯ_ಟ್ರೇನಿಂಗ್

'ನೋಡಿಲ್ಲ' ಅಂತ ಬರೆದಿದ್ದಕ್ಕೆ ನಮ್ಮ ಹೆಡ್ ಶೀಟ್ ವಾಪಸ್ ಕಳಿಸಿದ್ರು. ಡ್ಯಾಶ್‌ಬೋರ್ಡ್‌ನಲ್ಲಿ ಖಾಲಿ ಚೌಕ ಇರೋಕಾಗಲ್ಲ, ಸಂಖ್ಯೆ ಬೇಕು ಅಂತ. ಹಳೇ ಪಟ್ಟಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಗೇಜ್ ಕ್ಯಾಲಿಬ್ರೇಶನ್ ಸಾಲು ನಾಲ್ಕು ವಾರದಿಂದ ಪ್ರತಿ ಬುಧವಾರ ಮುಂದಿನ ಬುಧವಾರಕ್ಕೆ ಹೋಗ್ತಿದೆ. ಅದರ ಎದುರು ಬರೆದ ಹೆಸರು 'ಕ್ವಾಲಿಟಿ ಟೀಮ್'. ಅದರ ಆಧಾರದ ಮೇಲೆ 2 ಅಂತ ಹಾಕಿ, ಇದು ಹಿಂದಿನ ತಿಂಗಳ ಅಂಕ ಅಂತ ಟಿಪ್ಪಣಿ ಬರೆದು ಕೊಟ್ಟೆ.

ನಿವೃತ್ತ_ಶಾಖಾಧಿಕಾರಿ

ಟೀಮ್ ಅಂತ ಬರೆದ ಕೆಲಸ ನಮ್ಮ ಬ್ಯಾಂಕಿನಲ್ಲೂ ಯಾವತ್ತೂ ಆಗ್ತಿರಲಿಲ್ಲ. ಈಗ ನಿಮ್ಮ ಪ್ರಶ್ನೆ ಅರ್ಥ ಆಯ್ತಮ್ಮ.

ಗೋಕುಲ್‌ರೋಡ್_ಶಿಫ್ಟ್

ಮೇಡಂರ, ಈ ಅಂಕ ಆ ಮ್ಯಾನೇಜರ್‌ಗೆ ತೋರಿಸ್ತೀರೋ ಇಲ್ಲೋ? ನನಗ ಬರೇ 2 ಅಂತ ಮೇಲ್ ಬಂತು. ಯಾಕ ಅಂತ ಇವತ್ತಿಗೂ ಗೊತ್ತಿಲ್ಲ.

ಹಳೇ_ಆಡಿಟರ್

ಅಂಕ ತೋರಿಸೋಕೆ ಮೊದಲು ಆ ಮೂರು ಉತ್ತರಗಳನ್ನ ತೋರಿಸಿ, ಯಾರು ಹೇಳಿದ್ದು ಅಂತ ಮಾತ್ರ ಹೇಳಬೇಡಿ. ಸಂಖ್ಯೆ ಮೊದಲು ಕಂಡರೆ ಮನುಷ್ಯ ಸಂಖ್ಯೆ ಜೊತೆಗೇ ವಾದಕ್ಕೆ ಇಳೀತಾನೆ.

ಸ್ಪ್ರಿಂಟ್_ಸೀನ

ಹೆಸರು ಹೇಳದಿದ್ರೂ 50 ಪೀಸ್‌ಗೆ ಗೇಜ್ ಹಾಕೋದು ಯಾರು ಅಂತ ಮ್ಯಾನೇಜರ್‌ಗೆ ಗೊತ್ತಾಗಲ್ವಾ ಸರ್? ಆ ಇನ್‌ಸ್ಪೆಕ್ಟರ್ ಸಿಕ್ಕಿಹಾಕ್ಕೋತಾರೆ.

ಹಳೇ_ಆಡಿಟರ್

ಗೊತ್ತಾಗುತ್ತೆ. ಒಂಬತ್ತು ಜನರ ಮೀಟಿಂಗ್‌ನಲ್ಲಿ ಅದನ್ನ ಮುಚ್ಚಿಡೋ ದಾರಿ ನನಗೂ ಸಿಕ್ಕಿಲ್ಲ.

ಪೀಣ್ಯ_ಟ್ರೇನಿಂಗ್

ಮ್ಯಾನೇಜರ್ ಜೊತೆ ಸೋಮವಾರ ಕೂರ್ತಿದ್ದೀನಿ. ಉತ್ತರಗಳ ಬದಲು ಅವರಿಗೇ ಒಂದು ಪ್ರಶ್ನೆ ಕೊಡೋಣ ಅಂತ ಸಹೋದ್ಯೋಗಿ ಹೇಳ್ತಿದ್ದಾರೆ: ಮುಂದಿನ ಬುಧವಾರ ಕೊನೆಯ ಐದು ನಿಮಿಷದಲ್ಲಿ, ಯಾರು ಏನು ಮಾಡ್ತೀರಿ ಅಂತ ಪ್ರತಿಯೊಬ್ಬರ ಬಾಯಿಂದಲೇ ಹೇಳಿಸಿ, ಕನ್ನಡದಲ್ಲಿ. ಆಗ ವ್ಯತ್ಯಾಸ ಅವರ ಕಿವಿಗೇ ಬೀಳುತ್ತೆ, ಯಾರ ಹೆಸರೂ ನಾವು ಎತ್ತಬೇಕಾಗಿಲ್ಲ. ಅದಕ್ಕೆ 5ಎಸ್‌ನ 2 ನಿಮಿಷವೂ ಹೋಗುತ್ತೆ ಅಂತ ಅವರು ತಕರಾರು ಮಾಡಬಹುದು.

ಗೋಕುಲ್‌ರೋಡ್_ಶಿಫ್ಟ್

ಹೋಗ್ಲಿ ಬಿಡ್ರಿ. 5ಎಸ್ ಮೀಟಿಂಗಿನ್ಯಾಗ ಅಲ್ಲ, ಶಾಪ್ ಫ್ಲೋರಿನ್ಯಾಗ ನಿಂತು ನೋಡೂದು. ಸೋಮವಾರ ಏನಂದ್ರು ಬರೀರಿ.